ಡೆಲಿಕೇಟ್ ಬಟನ್ನು, ಫ್ಲೀಸ್ ಜಾಕೆಟ್ಟು ಮತ್ತು ಒಂದು ಜಾಲರಿ ಚೀಲ

ಹಳೆಯ ಬಿಳಿ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಬಕೆಟ್ಟಿನ ಬಾಯಿಗೆ ಕಟ್ಟಿದೆ. ವಾಷಿಂಗ್ ಮೆಷಿನ್ನಿನ ಕೊಳೆನೀರಿನ ಪೈಪನ್ನು ಮೋರಿಯಿಂದ ತೆಗೆದು ಅದರ ಮೇಲೆ ಹಿಡಿದೆ. ಮೆಷಿನ್ನಿನೊಳಗೆ ಇದ್ದದ್ದು ಮಗನ ಕೆಂಪು ಫ್ಲೀಸ್ ಜಾಕೆಟ್ ಒಂದೇ. ನೀರು ರಭಸದಿಂದ ಬಂತು, ಪಂಚೆ ಅಷ್ಟೇ ಬೇಗ ಕಟ್ಟಿಕೊಂಡಿತು. ಮೆಷಿನ್ನನ್ನು ನಿಲ್ಲಿಸಿ ನಿಲ್ಲಿಸಿ ಬಕೆಟ್ ಬದಲಿಸಬೇಕಾಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಏನಮ್ಮಾ ಇದು, ಅನ್ನ ಬಸಿಯೋ ಹಾಗೆ ಬಸೀತಾ ಇದ್ದೀಯಲ್ಲ!" ಅಂದರು.

ಬಸಿದು ಮುಗಿದಾಗ ಪಂಚೆಯ ನಡುವೆ ಅಂಗೈ ಅಗಲದ ಕೆಂಪು ಪೊರೆ ಕೂತಿತ್ತು. ಬಣ್ಣ ಬಿಟ್ಟಿರಬೇಕು ಎಂದುಕೊಂಡು ಒಣಗಿಸಿದೆ. ಒಣಗಿದ ಮೇಲೆ ಉಗುರಿನಿಂದ ಕೆರೆದರೆ ಎದ್ದು ಬಂತು. ಬೆರಳಲ್ಲಿ ಹೊಸೆದರೆ ಸಣ್ಣ ಬತ್ತಿಯಾಯಿತು. ಬಣ್ಣ ಹೀಗೆ ಬತ್ತಿಯಾಗುವುದಿಲ್ಲ. ಅದು ಜಾಕೆಟ್ಟೇ, ಪುಡಿಯಾಗಿ ಬಂದದ್ದು. ನಾಲ್ಕು ವರ್ಷದಿಂದ ಆ ಜಾಕೆಟ್ಟನ್ನು ಚಳಿಗಾಲ ಪೂರ್ತಿ ವಾರಕ್ಕೊಮ್ಮೆ ಒಗೆದಿದ್ದೇನೆ. ಅದೂ ಜೋಪಾನವಾಗಿ, 'ಡೆಲಿಕೇಟ್' ಬಟನ್ ಒತ್ತಿ, ನೀರಿನ ಮಟ್ಟವನ್ನು ತುದಿಗೆ ಏರಿಸಿ, ಒಂಟಿಯಾಗಿ. ಈ ಜೋಪಾನವೇ ತಪ್ಪಾಗಿತ್ತು ಅನ್ನುವುದು ಆಮೇಲೆ ಓದಿ ತಿಳಿದದ್ದು.

ಈ ಪುಡಿಗೆ ಮೈಕ್ರೋಫೈಬರ್ ಎನ್ನುತ್ತಾರೆ. ಅಂಗಡಿಯಲ್ಲಿ ಅದೇ ಹೆಸರಲ್ಲಿ ಮಾರುವ ನೆಲ ಒರೆಸುವ ಬಟ್ಟೆಯೂ ಇದೆ, ಅದೂ ಹೆಚ್ಚಾಗಿ ಪಾಲಿಯೆಸ್ಟರಿನದೇ, ಅದೂ ಉದುರುತ್ತದೆ. ಆದರೆ ಇಲ್ಲಿ ಹೇಳುತ್ತಿರುವುದು ಯಾವುದೇ ಬಟ್ಟೆಯಿಂದ ಕಳಚಿಕೊಳ್ಳುವ ಸಣ್ಣ ಎಳೆಯ ಬಗ್ಗೆ. ದಪ್ಪದಲ್ಲಿ ತಲೆಗೂದಲಿನ ನಾಲ್ಕರಲ್ಲೊಂದು ಪಾಲು, ಉದ್ದದಲ್ಲಿ ಹೆಚ್ಚೆಂದರೆ ಕೆಲವು ಮಿಲಿಮೀಟರ್. 2011ರಲ್ಲಿ ಮಾರ್ಕ್ ಬ್ರೌನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಲೋಕದ 18 ಕಡೆಯ ಕಡಲದಂಡೆಯ ಮರಳು ತೆಗೆದು ನೋಡಿದಾಗ ಇಂಥ ಎಳೆಗಳೇ ಸಿಕ್ಕವು. ಅವುಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ಮತ್ತು ಅಕ್ರಿಲಿಕ್. ಎಲ್ಲಿಂದ ಬಂದವು ಎಂದು ಹುಡುಕುತ್ತಾ ಹೋಗಿ ಅವರು ಮುಟ್ಟಿದ್ದು ಮನೆಯ ವಾಷಿಂಗ್ ಮೆಷಿನ್ನನ್ನು: ಒಂದು ಬಟ್ಟೆ ಒಂದು ಒಗೆತಕ್ಕೆ 1,900ಕ್ಕೂ ಹೆಚ್ಚು ಎಳೆ ಬಿಡಬಲ್ಲದು ಎಂದು ಲೆಕ್ಕ ಕೊಟ್ಟರು. ನಂತರದ ಅಳತೆಗಳ ಮುಂದೆ ಆ ಸಂಖ್ಯೆ ಏನೂ ಅಲ್ಲ. 2016ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 6 ಕಿಲೋ ಅಕ್ರಿಲಿಕ್ ಬಟ್ಟೆ ಒಂದು ಸಲಕ್ಕೆ 7 ಲಕ್ಷಕ್ಕೂ ಹೆಚ್ಚು ಎಳೆ ಬಿಡಬಹುದು ಎಂದು ಅಂದಾಜು ಮಾಡಿದರು. ಪಾಲಿಯೆಸ್ಟರಿಗೆ ಅದು ಸುಮಾರು 5 ಲಕ್ಷ. ಹತ್ತಿ ಬೆರೆಸಿದ ಪಾಲಿಯೆಸ್ಟರಿಗೆ ಒಂದೂವರೆ ಲಕ್ಷದೊಳಗೆ.

ಒಗೆದ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದು ಮನೆ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಊರಲ್ಲಿ ನಮ್ಮ ಅಮ್ಮನ ಮನೆಯ ಬಚ್ಚಲ ನೀರು ನೇರವಾಗಿ ಹಿತ್ತಲಿನ ಬಾಳೆ ಬುಡಕ್ಕೆ. ಬೆಂಗಳೂರಲ್ಲಿ ಒಳಚರಂಡಿ ಸೇರಿ ಶುದ್ಧೀಕರಣ ಘಟಕಕ್ಕೆ. ಘಟಕ ಸರಿಯಾಗಿ ನಡೆದರೆ ಎಳೆಗಳಲ್ಲಿ ಬಹುಪಾಲು ಅಲ್ಲಿನ ಕೆಸರಿನಲ್ಲಿ ನಿಂತುಬಿಡುತ್ತವೆ, ಉಳಿದವು ನೀರಿನ ಜೊತೆ ಮುಂದೆ ಹೋಗುತ್ತವೆ. ಆ ನೀರು 2018ರಿಂದ ಕೋಲಾರದ ಕೆರೆಗಳನ್ನು ತುಂಬಿಸುತ್ತಿದೆ. ಕೆಸರು ಗೊಬ್ಬರವಾಗಿ ಹೊಲ ಸೇರಿದರೆ ಎಳೆಯೂ ಹೊಲ ಸೇರಿತು. ಅಂದರೆ ಘಟಕ ಎಳೆಯನ್ನು ಇಲ್ಲವಾಗಿಸುವುದಿಲ್ಲ, ದಾರಿ ಬದಲಿಸುತ್ತದೆ. ಮಣಿಪಾಲದ ಸಂಶೋಧಕರು ನೇತ್ರಾವತಿಯನ್ನು ಘಟ್ಟದಿಂದ ಕಡಲತನಕ ಪರೀಕ್ಷಿಸಿ 2020ರಲ್ಲಿ ವರದಿ ಮಾಡಿದರು. ಅವರಿಗೆ ಸಿಕ್ಕ ಪ್ಲಾಸ್ಟಿಕ್ ಚೂರುಗಳಲ್ಲಿ ಎಳೆಗಳದ್ದು ಮುಖ್ಯ ಗುಂಪು.

ಹಾಗೆಂದು ಬೀರುವಿನಲ್ಲಿರುವ ಪಾಲಿಯೆಸ್ಟರನ್ನೆಲ್ಲ ಅನುಮಾನದಿಂದ ನೋಡಬೇಕಿಲ್ಲ. ಬಟ್ಟೆ ಬಟ್ಟೆಗೆ ಉದುರುವುದರಲ್ಲಿ ಅಜಗಜಾಂತರವಿದೆ. ಜಾರ್ಜೆಟ್ ಸೀರೆಯ ದಾರ ಸಾಮಾನ್ಯವಾಗಿ ಶ್ಯಾವಿಗೆಯ ಹಾಗೆ ಒತ್ತಿ ತೆಗೆದ ತುಂಡಿಲ್ಲದ ಎಳೆಗಳದ್ದು. ಅದಕ್ಕೆ ಕಳಚಲು ತುದಿಯೇ ಇಲ್ಲ. ಅಂಚಲ್ಲಿ, ಹೊಲಿಗೆಯಲ್ಲಿ ಅಷ್ಟಿಷ್ಟು ಉದುರಬಹುದು. ಬೇರೆ ಬಗೆಯ ದಾರಕ್ಕೆ ಇದೇ ಎಳೆಯನ್ನು ಮೂರು ನಾಲ್ಕು ಸೆಂಟಿಮೀಟರಿನ ತುಂಡು ಮಾಡಿ, ಹತ್ತಿಯ ಹಾಗೆ ನೂಲುತ್ತಾರೆ. ಆ ನೂಲಿನ ಹುರಿ ಸಡಿಲವಿದ್ದಷ್ಟೂ ತುಂಡುಗಳು ಜಾರಿ ಹೊರಬರುತ್ತವೆ. 'ವುಲನ್' ಎಂದು ಕೊಂಡುತಂದು ಲೇಬಲ್ ನೋಡಿದರೆ ಅಕ್ರಿಲಿಕ್ ಆಗಿರುವ ಸ್ವೆಟರುಗಳು ಈ ಜಾತಿ. ಇನ್ನು ಫ್ಲೀಸು ಎಲ್ಲರಿಗಿಂತ ಮುಂದೆ. ಅದನ್ನು ಹೆಣೆದಾದ ಮೇಲೆ ತಂತಿಯ ಬ್ರಷ್ಷಿನಿಂದ ಬೇಕೆಂದೇ ಕೆರೆದು ಜುಂಗು ಎಬ್ಬಿಸುತ್ತಾರೆ. ಮೈಗೆ ಹಿತವಾಗುವ ಆ ಮೆತ್ತನೆ ಅಂದರೆ ಸಡಿಲವಾದ ತುದಿಗಳ ಕಾಡು. ಚಳಿಗಾಲದಲ್ಲಿ ಎಲ್ಲರ ಮನೆಯಲ್ಲೂ ಕಾಣುವ ಮಿಂಕ್ ಬ್ಲಾಂಕೆಟ್ಟೂ ಜುಂಗಿನ ಬಟ್ಟೆಯೇ.

ಯಾವುದು ಉದುರುತ್ತದೆ ಎಂದು ತಿಳಿಯಲು ಒಂದು ತುಂಡು ಸೆಲ್ಲೋಟೇಪ್ ಸಾಕು. ಒಣ ಬಟ್ಟೆಯ ಮೇಲೆ ಅಂಟಿಸಿ, ಹೆಬ್ಬೆರಳಿಂದ ಒಮ್ಮೆ ಒತ್ತಿ, ಕಿತ್ತು ಬೆಳಕಿಗೆ ಹಿಡಿಯಿರಿ. ನನ್ನ ಜಾರ್ಜೆಟ್ ಸೀರೆಯಿಂದ ಕಿತ್ತ ಟೇಪು ಹೊಸದರಂತೆಯೇ ಇತ್ತು. ಅತ್ತೆಯ ನೀಲಿ ಸ್ವೆಟರಿನದು ಮಬ್ಬಾಗಿ, ಮತ್ತೆ ಅಂಟದ ಹಾಗಾಗಿತ್ತು. ಮನೆಯ ಬಟ್ಟೆಗಳನ್ನು ಹೀಗೆ ಅರ್ಧ ಗಂಟೆಯಲ್ಲಿ ನೋಡಿ ಮುಗಿಸಿದೆ. ಕೊನೆಗೆ ಗುಡ್ಡೆಯಲ್ಲಿ ಉಳಿದದ್ದು ಐದು: ಫ್ಲೀಸ್ ಜಾಕೆಟ್, ಎರಡು ಸ್ವೆಟರ್, ಒಂದು ಮಂಕಿ ಕ್ಯಾಪ್, ಒಂದು ಬ್ಲಾಂಕೆಟ್. ಮುಂದಿನ ಶ್ರಮವೆಲ್ಲ ಈ ಐದಕ್ಕೆ ಮಾತ್ರ. ಎಲ್ಲ ಬಟ್ಟೆಗೂ ಚೀಲ, ಎಲ್ಲ ಒಗೆತಕ್ಕೂ ಸೋಸು ಎಂದು ಹೊರಟರೆ ಎರಡನೆಯ ವಾರಕ್ಕೇ ಬಿಟ್ಟುಬಿಡುತ್ತೇವೆ.

ಈಗ ಡೆಲಿಕೇಟ್ ಬಟನ್ನಿನ ವಿಷಯ. 2019ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಪಾಲಿಯೆಸ್ಟರ್ ಬಟ್ಟೆಯನ್ನು ಬೇರೆ ಬೇರೆ ಪ್ರೋಗ್ರಾಮಿನಲ್ಲಿ ಒಗೆದು ಎಳೆ ಲೆಕ್ಕ ಹಾಕಿದರು. ನಾಜೂಕು ಬಟ್ಟೆಗೆಂದೇ ಇರುವ ಡೆಲಿಕೇಟ್ ಒಗೆತ ಸಾಮಾನ್ಯ ಒಗೆತಕ್ಕಿಂತ ಸರಾಸರಿ 8 ಲಕ್ಷ ಎಳೆ ಹೆಚ್ಚು ಬಿಟ್ಟಿತು. ಕಾರಣ ನೀರು. ಬಟ್ಟೆ ಬಟ್ಟೆಗೆ ಉಜ್ಜದಿರಲಿ, ಆಕಾರ ಕೆಡದಿರಲಿ ಎಂದು ಆ ಪ್ರೋಗ್ರಾಮು ಡ್ರಮ್ಮಿಗೆ ಹೆಚ್ಚು ನೀರು ತುಂಬಿಸುತ್ತದೆ. ಡ್ರಮ್ಮು ನಿಧಾನ ತಿರುಗಿದರೂ, ಅಷ್ಟು ನೀರು ನೇಯ್ಗೆಯ ಒಳಗೆ ನುಗ್ಗಿ ಹೊರಗೆ ಹರಿಯುವಾಗ ಸಡಿಲ ಎಳೆಗಳನ್ನು ಹೊರಗೆಳೆದುಕೊಂಡು ಬರುತ್ತದೆ. ಅಕ್ಕಿ ತೊಳೆಯುವಾಗ ನೀರು ಹೆಚ್ಚು ಹಾಕಿ ಕೈಯಾಡಿಸಿದಷ್ಟೂ ತೌಡು ಬಿಡುತ್ತದಲ್ಲ, ಹಾಗೆ. ಡ್ರಮ್ಮಿನ ವೇಗಕ್ಕಿಂತ, ಒಂದು ಕಿಲೋ ಬಟ್ಟೆಗೆ ಎಷ್ಟು ನೀರು ಎಂಬುದೇ ಮುಖ್ಯವಾಯಿತು ಎಂದು ಅವರು ಕಂಡುಕೊಂಡರು.

ಬಟನ್ನಿನ ಮೇಲೆ ಬರೆದ 'ಡೆಲಿಕೇಟ್' ಬಟ್ಟೆಯ ಆಕಾರದ ಮಟ್ಟಿಗೆ ಮಾತ್ರ ಮೆದು. ಎಳೆ ಉದುರದಿರಲು ಬೇಕಾದ ಮೆದು ಒಗೆತ ಬೇರೆಯೇ: ನೀರು ಕಡಿಮೆ, ಹೊತ್ತು ಕಡಿಮೆ, ಬಿಸಿ ಇಲ್ಲ, ಡ್ರಮ್ ತುಂಬ ಬಟ್ಟೆ.

ಹೊತ್ತು ಮತ್ತು ಬಿಸಿಗೂ ಒಂದು ಅಳತೆ ಇದೆ. ಇಂಗ್ಲೆಂಡಿನ ನಾರ್ತಂಬ್ರಿಯಾ ವಿಶ್ವವಿದ್ಯಾಲಯದವರು ಜನರ ಮನೆಯ ಕೊಳೆ ಬಟ್ಟೆಯನ್ನೇ ತರಿಸಿಕೊಂಡು ಒಗೆದರು. 40 ಡಿಗ್ರಿಯಲ್ಲಿ 85 ನಿಮಿಷ ಒಗೆಯುವ ಬದಲು 15 ಡಿಗ್ರಿಯಲ್ಲಿ 30 ನಿಮಿಷ ಒಗೆದರೆ ಉದುರುವುದು ಶೇಕಡಾ 30 ಕಡಿಮೆಯಾಯಿತು. ಬೆಂಗಳೂರಿನ ನಲ್ಲಿ ನೀರು 15 ಡಿಗ್ರಿಗೆ ಇಳಿಯುವುದಿಲ್ಲ, ಆದರೂ ನಾವು ಬೇಕೆಂದೇ ಬಿಸಿ ಮಾಡಬೇಕಿಲ್ಲ. ಮುಂದೆ ಬಾಗಿಲಿರುವ ಫ್ರಂಟ್ ಲೋಡ್ ಮೆಷಿನ್ನುಗಳಲ್ಲಿ ಆನ್ ಮಾಡಿದೊಡನೆ ಎಷ್ಟೋ ಸಲ ಕಾಟನ್, 40 ಡಿಗ್ರಿ ಎಂದೇ ಬರುತ್ತದೆ. ನಾವು ಸ್ಟಾರ್ಟ್ ಒತ್ತಿ ಹೋಗಿಬಿಡುತ್ತೇವೆ. ಅದನ್ನು ಕೋಲ್ಡಿಗೆ ಇಳಿಸಿ, ಅರ್ಧ ಗಂಟೆಯ ಕ್ವಿಕ್ ಪ್ರೋಗ್ರಾಮಿಗೆ ತಿರುಗಿಸಬೇಕು. ಮಣ್ಣಾದ ಆಟದ ಪ್ಯಾಂಟಿಗೆ ಇದು ಸಾಲದು. ಒಂದೆರಡು ದಿನ ಮೇಲೆ ತೊಟ್ಟ ಸ್ವೆಟರಿಗೆ ಧಾರಾಳ.

ಮೇಲೆ ಮುಚ್ಚಳವಿರುವ ಟಾಪ್ ಲೋಡ್ ಮೆಷಿನ್ನಿನಲ್ಲಿ ಕಷ್ಟ ಹೆಚ್ಚು. ಅದರಲ್ಲಿ ಬಟ್ಟೆ ಪೂರ್ತಿ ಮುಳುಗಿಯೇ ಒಗೆಯಬೇಕು, ಆದ್ದರಿಂದ ನೀರು ಹೇಗೂ ಹೆಚ್ಚು. ಅಮೆರಿಕದ ಸಾಂತಾ ಬಾರ್ಬರಾದಲ್ಲಿ 2016ರಲ್ಲಿ ಜಾಕೆಟ್ಟುಗಳನ್ನೇ ಒಗೆದು ತೂಕ ಮಾಡಿದರು. ಟಾಪ್ ಲೋಡಿನಲ್ಲಿ ಉದುರಿದ್ದು ಫ್ರಂಟ್ ಲೋಡಿನ ಸುಮಾರು 7 ಪಟ್ಟು. ಒಂದು ಜಾಕೆಟ್ ಒಂದು ಒಗೆತಕ್ಕೆ 2 ಗ್ರಾಂವರೆಗೂ ಕಳೆದುಕೊಂಡಿತು. ನಮ್ಮದೂ ಟಾಪ್ ಲೋಡೇ. ಇದನ್ನು ಓದಿ ಮೆಷಿನ್ ಬದಲಿಸುವ ಬುದ್ಧಿವಂತಿಕೆ ಮಾಡಲಿಲ್ಲ. ಮಾಡಿದ್ದು ಎರಡೇ. ಒಂಟಿ ಜಾಕೆಟ್ ಹಾಕುವುದನ್ನು ನಿಲ್ಲಿಸಿದೆ, ನೀರಿನ ಮಟ್ಟವನ್ನು ಬಟ್ಟೆ ಮುಳುಗುವಷ್ಟಕ್ಕೇ ಇಟ್ಟೆ. ಡ್ರಮ್ಮು ಎಷ್ಟು ತುಂಬಬೇಕು ಎಂಬುದಕ್ಕೆ ಕೈ ಅಳತೆ ಇದೆ: ಬಟ್ಟೆ ಹಾಕಿದ ಮೇಲೆ ಮೇಲುಗಡೆ ಅಡ್ಡ ಅಂಗೈ ಆರಾಮಾಗಿ ತೂರಬೇಕು. ತೂರದಿದ್ದರೆ ಹೆಚ್ಚಾಯಿತು, ಕೊಳೆ ಹೋಗುವುದಿಲ್ಲ. ಮೊಳಕೈವರೆಗೆ ಖಾಲಿ ಇದ್ದರೆ ಕಡಿಮೆಯಾಯಿತು, ಇನ್ನೆರಡು ದಿನ ಕಾಯಬೇಕು. ಜೊತೆಗೆ ಹಾಕುವ ಬಟ್ಟೆ ಮೆತ್ತಗಿರಲಿ. ಜೀನ್ಸಿನ ದಪ್ಪ ಹೊಲಿಗೆ, ಹಿತ್ತಾಳೆ ಗುಂಡಿ ಫ್ಲೀಸಿಗೆ ಉಪ್ಪುಕಾಗದದ ಹಾಗೆ. ಜಾಕೆಟ್ಟಿನ ಜಿಪ್ಪು ಹಾಕಿ ಒಳಹೊರಗು ಮಾಡಿಯೇ ಹಾಕುತ್ತೇನೆ.

ಈ ಮೆಷಿನ್ನುಗಳ ಒಳಗೆ ಸಣ್ಣ ಜಾಲರಿ ಸಂಚಿಯೊಂದು ಇರುತ್ತದೆ, ಲಿಂಟ್ ಫಿಲ್ಟರ್. ಅದರಲ್ಲಿ ಕೂರುವ ಬೂದು ಮುದ್ದೆ ನೋಡಿ ಎಲ್ಲ ಹಿಡಿಯುತ್ತದೆ ಎಂದುಕೊಳ್ಳುವುದು ಸಹಜ. ಉದ್ದನೆಯ ಹತ್ತಿ ಎಳೆ, ಕೂದಲು ಒಂದಕ್ಕೊಂದು ತೊಡಕಿ ಮುದ್ದೆಯಾದದ್ದು ಅದು. ಬಿಡಿ ಎಳೆ ಆ ತೂತಿನಲ್ಲಿ ಸಲೀಸಾಗಿ ನುಸುಳುತ್ತದೆ. ಮುದ್ದೆಯನ್ನು ತೆಗೆದು ಕಸಕ್ಕೆ ಹಾಕಿ, ಮೋರಿಯಲ್ಲಿ ತೊಳೆಯಬೇಡಿ. ಅಷ್ಟೇ ಅದರಿಂದ ಆಗುವ ಉಪಕಾರ.

ಬಿಡಿ ಎಳೆ ಹಿಡಿಯಲೆಂದೇ ಮಾಡಿದ ಚೀಲ ಬೇರೆ. ಬರ್ಲಿನ್ನಿನ ಇಬ್ಬರು ಸರ್ಫಿಂಗ್ ಗೆಳೆಯರು ಕಡಲಿನಲ್ಲಿ ಈ ಎಳೆಗಳಿವೆ ಎಂದು ತಿಳಿದು ರೂಪಿಸಿದ 'ಗಪ್ಪಿಫ್ರೆಂಡ್' ಇವುಗಳಲ್ಲಿ ಹೆಸರಾದದ್ದು. ಬಟ್ಟೆಯನ್ನು ಚೀಲದೊಳಗೆ ಹಾಕಿ, ಜಿಪ್ ಎಳೆದು, ಚೀಲಸಮೇತ ಮೆಷಿನ್ನಿಗೆ ಹಾಕುವುದು. ಅದರ ಬಲೆಯ ತೂತು 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು. ಚೀಲ ಮಾಡಿದ್ದೂ ನೈಲಾನಿನಿಂದಲೇ, ಆದರೆ ತುಂಡಿಲ್ಲದ ಎಳೆ, ಜಾರ್ಜೆಟ್ಟಿನ ಹಾಗೆ. ಅದರ ಉಪಯೋಗ ಎರಡು ರೀತಿ: ಒಳಗಿನ ಬಟ್ಟೆ ಹೊರಗಿನದಕ್ಕೆ ಉಜ್ಜುವುದಿಲ್ಲವಾದ್ದರಿಂದ ಉದುರುವುದೇ ಕಡಿಮೆ, ಉದುರಿದ್ದರಲ್ಲಿ ಒಂದು ಪಾಲು ಒಳಗೇ ನಿಲ್ಲುತ್ತದೆ.

'ಒಂದು ಪಾಲು' ಎಂದದ್ದಕ್ಕೆ ಕಾರಣವಿದೆ. ಪ್ಲಿಮತ್ತಿನವರು 2020ರಲ್ಲಿ ಪೇಟೆಯಲ್ಲಿರುವ ಆರು ಸಾಧನಗಳನ್ನು ಪಕ್ಕಪಕ್ಕ ಇಟ್ಟು ಪರೀಕ್ಷಿಸಿದರು. ಗಪ್ಪಿಫ್ರೆಂಡ್ ಚೀಲ ಹೊರಹೋಗುವ ಎಳೆಯನ್ನು ಶೇಕಡಾ 54 ಕಡಿಮೆ ಮಾಡಿತು. ಇನ್ನೊಂದು ಚೀಲ 21 ಮಾತ್ರ. ಪೈಪಿಗೆ ಜೋಡಿಸುವ ಫಿಲ್ಟರುಗಳಲ್ಲಿ ಒಂದು 78ರವರೆಗೆ ಹೋಯಿತು, ಉಳಿದವು ಗಪ್ಪಿಫ್ರೆಂಡಿಗಿಂತ ಹಿಂದೆ ಬಿದ್ದವು. ಚೀಲದಿಂದ ಚೀಲಕ್ಕೆ ಇಷ್ಟು ವ್ಯತ್ಯಾಸ ಇರುವುದರಿಂದ ಕೊಳ್ಳುವಾಗ ತೂತಿನ ಅಳತೆ ಬರೆದಿದೆಯೇ ಎಂದು ನೋಡಬೇಕು. ಒಳಉಡುಪು ಹಾಕಿ ಒಗೆಯಲು ಮಾರುವ ಬಿಳಿ ಲಾಂಡ್ರಿ ಬ್ಯಾಗುಗಳನ್ನು ಇದಕ್ಕೇ ಎಂದು ಹೇಳಿ ಮಾರುವುದನ್ನೂ ಕಂಡಿದ್ದೇನೆ. ಅಂಗಡಿಯಿಂದ ಮನೆಗೆ ತಂದಮೇಲೆ ಅದರಲ್ಲಿ ಒಂದು ಚಮಚ ಚಿರೋಟಿ ರವೆ ಹಾಕಿ ಅಲ್ಲಾಡಿಸಿ. ರವೆ ಉದುರಿದರೆ ಚೀಲ ಈ ಕೆಲಸಕ್ಕಲ್ಲ. ರವೆಯ ಕಾಳಿಗಿಂತ ಎಳೆ ಎಷ್ಟೋ ಸಪೂರ. ಉದುರದಿದ್ದರೆ ಪಾಸಾಯಿತು ಎಂದೇನೂ ಅಲ್ಲ, ಅಡ್ಡಿಯಿಲ್ಲ ಎಂದಷ್ಟೇ.

ಚೀಲ ಬಳಸುವುದರಲ್ಲಿ ನಾನು ಮಾಡಿದ ತಪ್ಪುಗಳನ್ನು ಹೇಳುತ್ತೇನೆ. ಮೊದಲ ಸಲ ಜಾಕೆಟ್ಟು, ಎರಡೂ ಸ್ವೆಟರು, ಟೋಪಿ ಎಲ್ಲವನ್ನೂ ತುರುಕಿದೆ. ಹೊರತೆಗೆದಾಗ ಮಧ್ಯದ ಸ್ವೆಟರಿನಲ್ಲಿ ಸೋಪಿನ ಪುಡಿ ಹಾಗೆಯೇ ಬಿಳಿಯಾಗಿ ಕೂತಿತ್ತು. ಚೀಲವನ್ನು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಬಾರದು, ಬಟ್ಟೆ ಒಳಗೆ ಹೊರಳಬೇಕು. ಅಷ್ಟು ಸಣ್ಣ ತೂತಿನ ಬಲೆಯಲ್ಲಿ ಕರಗದ ಪುಡಿ ಸಿಕ್ಕಿಹಾಕಿಕೊಳ್ಳುತ್ತದೆ. ಲಿಕ್ವಿಡ್ ಬಳಸಿ, ಇಲ್ಲವೆ ಪುಡಿಯನ್ನು ಒಂದು ಚೊಂಬು ನೀರಿನಲ್ಲಿ ಮೊದಲೇ ಕರಗಿಸಿ ಮೆಷಿನ್ನಿಗೆ ಸುರಿಯಿರಿ. ಇಟಲಿಯ ಸಂಶೋಧಕರು ಕಂಡಂತೆ, ಪುಡಿ ಸೋಪು ಲಿಕ್ವಿಡ್ಡಿಗಿಂತ ಹೆಚ್ಚು ಎಳೆ ಉದುರಿಸುತ್ತದೆ. ಕರಗದ ಕಣಗಳು ಬಟ್ಟೆಯನ್ನು ಉಜ್ಜುತ್ತವೆ.

ಎರಡನೆಯ ಸಲ ಚೀಲ ಒಂದನ್ನೇ ಹಾಕಿದೆ. ನೀರು ತುಂಬಿದಂತೆ ಒಳಗಿನ ಗಾಳಿ ಹೊರಹೋಗಲಾಗದೆ ಚೀಲ ಪೂರಿಯಂತೆ ಉಬ್ಬಿ ಮೇಲೆ ತೇಲಿತು. ಬಟ್ಟೆಯ ಅರ್ಧ ಭಾಗ ಒದ್ದೆಯೇ ಆಗಲಿಲ್ಲ. ಸ್ಪಿನ್ನಿಗೆ ಬಂದಾಗ ನೀರು ಕುಡಿದ ಮುದ್ದೆ ಒಂದೇ ಬದಿಗೆ ಕೂತು ಮೆಷಿನ್ನು ಧಡಧಡ ಎಂದು ನಡೆದಾಡತೊಡಗಿತು. ಈಗ ಚೀಲವನ್ನು ಮೊದಲು ಬಕೆಟ್ಟಿನಲ್ಲಿ ಅದ್ದಿ, ಕೈಯಿಂದ ಅಮುಕಿ ಗಾಳಿ ತೆಗೆದು, ಬೇರೆ ಬಟ್ಟೆಗಳ ನಡುವೆ ಇಡುತ್ತೇನೆ. ಎದುರು ಬದಿಗೆ ಅಷ್ಟೇ ಭಾರದ ಟವಲ್ಲುಗಳು. ಜಿಪ್ಪಿನ ಕೊಂಡಿಯನ್ನು ಅದರ ಗವಸಿನೊಳಗೆ ಸೇರಿಸುವುದು ಮರೆತರೆ ಸುತ್ತುವಾಗ ತಾನೇ ಬಿಚ್ಚಿಕೊಳ್ಳುತ್ತದೆ. ಸೆಮಿ ಆಟೋಮ್ಯಾಟಿಕ್ ಇರುವವರು ಒಗೆಯುವ ತೊಟ್ಟಿಯಿಂದ ಸ್ಪಿನ್ ತೊಟ್ಟಿಗೆ ಚೀಲವನ್ನು ಬಿಚ್ಚದೆ ಸಾಗಿಸಬೇಕು, ಇಲ್ಲದಿದ್ದರೆ ಹಿಡಿದದ್ದೆಲ್ಲ ಅಲ್ಲೇ ಹೋಯಿತು.

ಮೊದಲ ಒಗೆತದ ನಂತರ ಚೀಲದಲ್ಲಿ ಏನೂ ಕಾಣಲಿಲ್ಲ. ದುಡ್ಡು ದಂಡ ಎಂದುಕೊಂಡೆ. ಮೂರನೆಯದರ ನಂತರ ಮೂಲೆಗಳಲ್ಲಿ ಕೆಂಪು ನೂಲಿನ ಹಾಗೆ ಕಂಡಿತು. ಬಟ್ಟೆ ತೆಗೆದು ಚೀಲವನ್ನು ನೆರಳಲ್ಲಿ ಒಣಗಿಸಿ, ಒಳಹೊರಗು ಮಾಡಿ, ಮೂಲೆ ಮತ್ತು ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದರೆ ಎಳೆಗಳು ಉಂಡೆಯಾಗಿ ಬರುತ್ತವೆ. ಸೆಲ್ಲೋಟೇಪೂ ಆಗುತ್ತದೆ. ನಲ್ಲಿಯ ಕೆಳಗೆ ಹಿಡಿದು ತೊಳೆಯುವ ಆಸೆಯಾಗುತ್ತದೆ, ಅದೊಂದನ್ನು ಮಾಡಬಾರದು.

ಕೈಯಲ್ಲೇ ಒಗೆದರೆ ಹೇಗೆ? ಇದಕ್ಕೂ ಅಳತೆ ಇದೆ. 2023ರಲ್ಲಿ ಚೀನಾದ ಹಾಂಗ್‌ಝೌನ ಸಂಶೋಧಕರು ಪಾಲಿಯೆಸ್ಟರ್ ಬಟ್ಟೆಯನ್ನು ಕೈಯಲ್ಲಿ ಒಗೆದಾಗ ಸರಾಸರಿ 1,853 ಚೂರು ಬಿಟ್ಟಿತು, ಮೆಷಿನ್ನಿನಲ್ಲಿ 23,723. ಹನ್ನೆರಡು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ. ಸೋಪು ಹಾಕಿ, ಮೊದಲೇ ನೆನೆಸಿ, ಒಗೆಯುವ ಹಲಗೆಯ ಮೇಲೆ ಉಜ್ಜಿದಾಗ ಕೈ ಒಗೆತದಲ್ಲೂ ಹೆಚ್ಚು ಉದುರಿತು, ಆದರೂ ಮೆಷಿನ್ನಿನಷ್ಟಲ್ಲ. ನಮ್ಮ ಒಗೆಯುವ ಕಲ್ಲು, ನೈಲಾನ್ ಬ್ರಷ್ಷು ಆ ಹಲಗೆಯ ಅಣ್ಣತಮ್ಮಂದಿರು. ಸ್ವೆಟರನ್ನು ಕಲ್ಲಿಗೆ ಕುಕ್ಕಬಾರದು, ಬ್ರಷ್ ತಾಗಿಸಬಾರದು. ಬಕೆಟ್ಟಿನಲ್ಲಿ ಲಿಕ್ವಿಡ್ ಕಲಸಿ, ಹತ್ತು ನಿಮಿಷ ಅದುಮಿ ಅದುಮಿ ಎತ್ತಿದರೆ ಸಾಕು. ಹಿಂಡಿ ತಿರುಚುವ ಬದಲು ಒಣ ಟವಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿದರೆ ನೀರು ಹೋಗುತ್ತದೆ.

ಕೈ ಒಗೆತದ ದೊಡ್ಡ ಲಾಭ ಮೆಷಿನ್ನಿನಲ್ಲಿ ಸಿಗದ್ದು: ನೀರು ಬಕೆಟ್ಟಿನಲ್ಲೇ ಇರುತ್ತದೆ, ನಮ್ಮ ಕೈಯಲ್ಲೇ ಇರುತ್ತದೆ. ಅದನ್ನು ಹಳೆಯ ಹತ್ತಿ ಬಟ್ಟೆಯಲ್ಲಿ ಸೋಸಬಹುದು. ಈ ಉಪಾಯ ನನ್ನದಲ್ಲ. ಬಾಂಗ್ಲಾದೇಶದ ಮತ್ಲಾಬಿನಲ್ಲಿ ರೀಟಾ ಕಾಲ್‌ವೆಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಕಾಲರಾ ತಡೆಯಲು ಕುಡಿಯುವ ನೀರನ್ನು ಹಳೆಯ ಹತ್ತಿ ಸೀರೆಯ ಮಡಿಕೆಯಲ್ಲಿ ಸೋಸಲು ಹೇಳಿಕೊಟ್ಟರು. ಕಾಲರಾ ಅರ್ಧದಷ್ಟು ಇಳಿಯಿತು ಎಂದು 2003ರಲ್ಲಿ ವರದಿ ಮಾಡಿದರು. ಒಗೆದು ಒಗೆದು ಹಳತಾದ ಸೀರೆಯ ನೂಲು ಉಬ್ಬಿ ತೂತುಗಳು ಕಿರಿದಾಗಿರುತ್ತವೆ. ನಾಲ್ಕು ಮಡಿಕೆಗೆ ಸುಮಾರು 20 ಮೈಕ್ರಾನಿನ ಜರಡಿಯಾಗುತ್ತದೆ. ಹೊಸ ಬಟ್ಟೆಯಲ್ಲಿ ಈ ಗುಣ ಇಲ್ಲ. ಪಂಚೆಯಲ್ಲಿ ಬಸಿಯುವ ಯೋಚನೆ ನನಗೆ ಹೊಳೆದದ್ದು ಅಲ್ಲಿಂದ. ಸೋಪುನೀರು ಬೇಗ ಕಟ್ಟಿಕೊಳ್ಳುತ್ತದೆ, ಒಂದು ಬಕೆಟ್ ಇಳಿಯಲು ಕಾಲು ಗಂಟೆ ಹಿಡಿಯುತ್ತದೆ. ಆದ್ದರಿಂದ ಇದು ಒಂದು ಸ್ವೆಟರಿಗೆ ಸರಿ, ಮನೆಮಂದಿಯ ಬಟ್ಟೆಗಲ್ಲ. ಪಂಚೆಯನ್ನು ಒಣಗಿಸಿ ಪೊರೆಯನ್ನು ಕೆರೆದು ತೆಗೆಯಬೇಕು.

ಬ್ಲಾಂಕೆಟ್ಟು ಚೀಲಕ್ಕೆ ಹೋಗುವುದಿಲ್ಲ, ಬಕೆಟ್ಟಿಗೂ ಇಲ್ಲ. ಅದಕ್ಕೆ ಹಳೆಯ ಎರಡು ಹತ್ತಿ ಬೆಡ್‌ಶೀಟು ಜೋಡಿಸಿ ಗವಸು ಹೊಲಿಸಿದೆ. ಗವಸನ್ನು ಹದಿನೈದು ದಿನಕ್ಕೊಮ್ಮೆ ಒಗೆಯುವುದು, ಬ್ಲಾಂಕೆಟ್ಟನ್ನು ಶಿವರಾತ್ರಿ ಕಳೆದ ಮೇಲೆ ಒಂದೇ ಸಲ. ಗವಸಿನಿಂದ ಉದುರುವುದು ಹತ್ತಿ.

ಹತ್ತಿಯೂ ಉದುರುತ್ತದೆ ಎಂಬುದನ್ನು ಇಲ್ಲಿ ಮುಚ್ಚಿಡಬಾರದು. ನಾರ್ತಂಬ್ರಿಯಾದವರು ಮನೆಮನೆಯ ಬಟ್ಟೆಯಲ್ಲಿ ಕಂಡದ್ದು ಒಂದು ಕಿಲೋಗೆ ಸರಾಸರಿ 114 ಮಿಲಿಗ್ರಾಂ ಎಳೆ. ವಾರಕ್ಕೆ 20 ಕಿಲೋ ಒಗೆಯುವ ಮನೆಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 118 ಗ್ರಾಂ, ಒಂದು ಮೈಸೋಪಿನ ತೂಕ. ಆದರೆ ಅದರಲ್ಲಿ ಸಿಂಥೆಟಿಕ್ ಇದ್ದದ್ದು ಶೇಕಡಾ 4, ಉಳಿದದ್ದು ಹತ್ತಿ ಮುಂತಾದ ಸಹಜ ನಾರು. ಅಂದರೆ ವರ್ಷಕ್ಕೆ 5 ಗ್ರಾಮಿನೊಳಗೆ. ಕಡಲನೀರಿನ ಮಾದರಿಗಳಲ್ಲೂ ಹೀಗೆಯೇ, ಎಳೆಗಳಲ್ಲಿ ಹೆಚ್ಚಿನವು ಸಹಜ ನಾರು ಎಂದು 2020ರ ದೊಡ್ಡ ಸಮೀಕ್ಷೆಯೊಂದು ಹೇಳಿತು. ಹತ್ತಿ ಕೊಳೆಯುತ್ತದೆ, ಪಾಲಿಯೆಸ್ಟರ್ ಕೊಳೆಯುವುದಿಲ್ಲ, ಅದೇ ಅಂತರ. 5 ಗ್ರಾಂ ಎಂದರೆ ಒಂದು ಚಮಚ ಸಕ್ಕರೆ, ಇಷ್ಟಕ್ಕೆ ಇಷ್ಟು ರಾಮಾಯಣವೇ ಅನಿಸಬಹುದು. ಆದರೆ ಒಂದು ಮಿಲಿಮೀಟರ್ ಉದ್ದದ, ಕೂದಲಿನ ಕಾಲುಭಾಗ ದಪ್ಪದ ಪಾಲಿಯೆಸ್ಟರ್ ಎಳೆ ಒಂದು ಗ್ರಾಮಿಗೆ ಸುಮಾರು 40 ಲಕ್ಷ ತೂಗುತ್ತದೆ. ಇನ್ನೊಂದು ಮಾತು: ಅಂಥ ಮನೆಯ ವರ್ಷದ ಸಿಂಥೆಟಿಕ್ ಎಳೆಯಲ್ಲಿ ಅರ್ಧಕ್ಕೆ ಹತ್ತಿರದಷ್ಟನ್ನು ನನ್ನ ಮಗನ ಜಾಕೆಟ್ಟು ಒಂದೇ ಒಗೆತದಲ್ಲಿ ಬಿಡಬಲ್ಲದು.

ಆ ಜಾಕೆಟ್ಟಿನ ಲೆಕ್ಕವನ್ನೇ ಕೊನೆವರೆಗೆ ಮಾಡೋಣ. ನವೆಂಬರಿನಿಂದ ಫೆಬ್ರವರಿವರೆಗೆ ವಾರಕ್ಕೊಮ್ಮೆ ಎಂದರೆ ಸುಮಾರು 16 ಸಲ. ಸಲಕ್ಕೆ ಹೆಚ್ಚೆಂದರೆ 2 ಗ್ರಾಂ ಹಿಡಿದರೆ 32 ಗ್ರಾಂ. ಈ ಸಲದ ಚಳಿಗಾಲದಲ್ಲಿ ಅದನ್ನು ತಿಂಗಳಿಗೊಮ್ಮೆ ಒಗೆದೆವು. ಉಳಿದ ವಾರಗಳಲ್ಲಿ ಕಾಲರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಾಕಿದ್ದು ಅಷ್ಟೇ, ಒಳಗೆ ಹತ್ತಿ ಬನಿಯನ್ ಇರುವುದರಿಂದ ಬೆವರು ಜಾಕೆಟ್ಟಿಗೆ ಅಷ್ಟಾಗಿ ಹತ್ತುವುದಿಲ್ಲ. ಅಲ್ಲಿಗೆ 4 ಸಲ, 8 ಗ್ರಾಂ. ಚೀಲ ಪ್ಲಿಮತ್ತಿನಲ್ಲಿ ಮಾಡಿದಷ್ಟೇ ನಮ್ಮ ಮೆಷಿನ್ನಿನಲ್ಲೂ ಮಾಡಿದೆ ಎಂದುಕೊಂಡರೆ ಮೋರಿಗೆ ಹೋದದ್ದು 4 ಗ್ರಾಮಿನೊಳಗೆ. 32ರಿಂದ 4ಕ್ಕೆ ಇಳಿದದ್ದರಲ್ಲಿ ಚೀಲದ ಪಾಲು ನಾಲ್ಕೇ ಗ್ರಾಂ ಚಿಲ್ಲರೆ. 24 ಗ್ರಾಂ ಉಳಿದದ್ದು ಒಗೆಯದೆ ಬಿಟ್ಟದ್ದರಿಂದ. ಚೀಲ ಕೊಳ್ಳುವ ಮೊದಲು ಈ ಲೆಕ್ಕ ಮಾಡಿದ್ದರೆ ಕೊಳ್ಳುತ್ತಿದ್ದೆನೋ ಇಲ್ಲವೋ. ಹೊಸ ಬಟ್ಟೆ ತಂದಾಗ ಮಾತ್ರ ಅದರ ಬೆಲೆ ಬರುತ್ತದೆ, ಯಾಕೆಂದರೆ ಯಾವ ಬಟ್ಟೆಯೂ ಅತಿ ಹೆಚ್ಚು ಉದುರುವುದು ಮೊದಲ ನಾಲ್ಕೈದು ಒಗೆತಗಳಲ್ಲಿ. ಕಾರ್ಖಾನೆಯಲ್ಲಿ ಕತ್ತರಿಸುವಾಗ, ಕೆರೆಯುವಾಗ ತುಂಡಾದದ್ದೆಲ್ಲ ಆಗ ಹೊರಬರುತ್ತದೆ. ಹೊಸ ಸ್ವೆಟರಿನ ಆ ಮೊದಲ ಒಗೆತಗಳನ್ನು ಚೀಲವಿಲ್ಲದೆ ಮಾಡುವುದಿಲ್ಲ.

ಚೀಲದಿಂದ, ಪಂಚೆಯಿಂದ, ಲಿಂಟ್ ಫಿಲ್ಟರಿನಿಂದ ಬಂದದ್ದನ್ನು ಎಲ್ಲಿ ಹಾಕಬೇಕು? ಅತ್ತೆ ಅದನ್ನು ಗಿಡದ ಕುಂಡಕ್ಕೆ ಉದುರಿಸಲು ಹೊರಟಿದ್ದರು, ತಲೆಗೂದಲು, ಉಗುರು ಹಾಕುವ ಹಾಗೆ. ಹಸಿ ಕಸಕ್ಕೆ ಹಾಕಿದರೂ ಕೊನೆಗೆ ಗೊಬ್ಬರದ ಜೊತೆ ಮಣ್ಣಿಗೇ ಬರುತ್ತದೆ. ಒಲೆಗೆ ಹಾಕಿದರೆ ಪ್ಲಾಸ್ಟಿಕ್ ಸುಟ್ಟ ಹೊಗೆ. ಬಿಡಿಯಾಗಿ ಒಣ ಕಸಕ್ಕೆ ಹಾಕಿದರೆ ಗಾಳಿಗೆ ಹಾರುತ್ತದೆ. ಮುಚ್ಚಳ ಗಟ್ಟಿ ಇರುವ ಖಾಲಿ ನೀರಿನ ಬಾಟಲಿಯಲ್ಲಿ ತುಂಬಿಡುವುದು, ತುಂಬಿದ ಮೇಲೆ ಬಿಗಿಯಾಗಿ ಮುಚ್ಚಿ ಮರುಬಳಕೆಗೆ ಹೋಗದ ಕಸಕ್ಕೆ ಕೊಡುವುದು, ಸದ್ಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಮನೆಯ ಮಟ್ಟದಲ್ಲಿ ಇಲ್ಲ. ನಮ್ಮ ಬಾಟಲಿ ಬಚ್ಚಲಿನ ಕಿಟಕಿಯಲ್ಲಿ ನಿಂತಿದೆ. ತಳದಲ್ಲಿ ಒಂದು ಬೆರಳು ಕೆಂಪು, ಅದರ ಮೇಲೆ ಅತ್ತೆಯ ಸ್ವೆಟರಿನ ನೀಲಿ, ಮೇಲುಗಡೆ ಬ್ಲಾಂಕೆಟ್ಟನ್ನು ಟೆರೇಸಿನಲ್ಲಿ ಕೊಡವಿದಾಗ ಗುಡಿಸಿ ತಂದ ಕಂದು. ಮೊನ್ನೆ ಅತ್ತೆ ಅದನ್ನು ಎತ್ತಿ ಬೆಳಕಿಗೆ ಹಿಡಿದು, "ಈ ಲೆಕ್ಕದಲ್ಲಿ ನನ್ನ ಸ್ವೆಟರ್ ಇನ್ನೆಷ್ಟು ವರ್ಷ ಬಾಳಿಕೆ ಬಂದೀತು?" ಎಂದು ಕೇಳಿದರು.